ಸ್ಕ್ಯಾನರ್ ಕಾಲದಲ್ಲಿ ಕವರ್ ಲೆಕ್ಕ: ನಮ್ಮ ಮನೆಯಲ್ಲಿ ಕೈಗೆ ಹತ್ತಿದ ಬಗೆ

ಸಂಬಳವನ್ನು ಕವರ್‌ಗಳಿಗೆ ಹಂಚಿ ಮನೆ ನಡೆಸುತ್ತೇವೆ ಅಂದಾಗ ನಮ್ಮ ಕಡೆಯವರು ಯಾರೂ ನಂಬಲಿಲ್ಲ. ಅತ್ತೆಯವರು, "ಮನಿ ನಡಸಾಕ ಇಷ್ಟ್ಯಾಕ ಕವರ್ ಬೇಕವಾ, ಡಬ್ಬ್ಯಾಗ ಇಟ್ರ ಮುಗೀತಲ್ಲ" ಅಂದರು. ನಮ್ಮ ಮನೆಯವರ ಜೊತೆ ಕೆಲಸ ಮಾಡುವವರೊಬ್ಬರು, "ಎಲ್ಲಾ ಕಡೆ ಸ್ಕ್ಯಾನರ್ ಐತಿ, ನೋಟು ಎಣಸ್ಕೊಂತ ಕುಂದ್ರೋದು ಯಾವ ಕಾಲದ್ದು" ಅಂತ ಕೇಳಿದ್ದರು. ಈಗ ಒಂದೂವರೆ ವರ್ಷ ಆಗುತ್ತಾ ಬಂತು. ಯಾರ ಹತ್ತಿರವೂ ಕೈಗಡ ಇಲ್ಲ, ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇಲ್ಲ. ಹೋದ ಬೇಸಿಗೆಯ ಮದುವೆಗಳೆಲ್ಲ ಸಂಬಳ ಮುಟ್ಟದೆ ಮುಗಿದವು. ಅದಕ್ಕೇ ಬರೆಯುತ್ತಿದ್ದೇನೆ.

ಕವರ್ ಪದ್ಧತಿ ಅಂದರೆ ಸಂಬಳ ಬಂದ ಮೇಲೆ ಒಂದೊಂದು ಖರ್ಚಿಗೆ ಇಷ್ಟು ಅಂತ ನೋಟುಗಳನ್ನು ಬೇರೆ ಬೇರೆ ಕವರ್‌ಗೆ ಹಾಕಿಟ್ಟು, ಆ ಖರ್ಚನ್ನು ಆ ಕವರಿಂದಲೇ ಮಾಡುವುದು. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಶುರು ಮಾಡಿ ಎರಡು ಮೂರು ತಿಂಗಳಿಗೆ ಕೈಬಿಟ್ಟವರೇ ಜಾಸ್ತಿ. ನಮ್ಮದೂ ಮೊದಲ ಸಲ ಹಾಗೆಯೇ ನಿಂತಿತು. ಯಾವ ಜಾಗದಲ್ಲಿ ಹರಿದುಹೋಗುತ್ತದೆ, ಅಲ್ಲಿ ಹೊಲಿಗೆ ಹೇಗೆ ಹಾಕಿದೆವು ಅನ್ನುವುದಷ್ಟೇ ಇಲ್ಲಿದೆ.

ಮೊದಲು ದುಡ್ಡಿನ ಮಾತು. ನಾವಿಬ್ಬರೇ, ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಬಾಡಿಗೆ ಮನೆ. ಮನೆಯವರಿಗೆ ಗಿಣಿಗೇರಿ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಪಿಎಫ್ ಕಳೆದು ಕೈಗೆ ಬರೋದು ಹತ್ತಿರ ಹತ್ತಿರ 26,500. ಓಟಿ ಇದ್ದ ತಿಂಗಳು ಒಂದೆರಡು ಸಾವಿರ ಮೇಲೆ. ಬಾಡಿಗೆ, ಗಾಡಿ ಕಂತು, ಆರ್‌ಡಿ, ಊರಿಗೆ ಕಳಿಸುವ 2,000 ಎಲ್ಲ ಸೇರಿ 13,000 ಬ್ಯಾಂಕಿನಿಂದಲೇ ಹೋಗುತ್ತದೆ. ಅದಕ್ಕೆ ಕವರ್ ಮಾಡಬೇಡಿ. ನಾವು ಮೊದಲು ಬಾಡಿಗೆಗೂ ಕವರ್ ಮಾಡಿದ್ದೆವು. ದಪ್ಪ ಕವರ್ ಒಂದು ಮನೆಯಲ್ಲಿದ್ದರೆ ಉಳಿದ ಕವರ್‌ಗಳು ಖಾಲಿಯಾದಾಗ ಕೈ ಅಲ್ಲಿಗೇ ಹೋಗುತ್ತದೆ.

ಉಳಿದ 13,500 ಕವರ್‌ಗಳಿಗೆ. ಕಿರಾಣಿಗೆ 4,000, ತರಕಾರಿ ಮತ್ತು ಹಾಲಿಗೆ 3,000, ಪೆಟ್ರೋಲಿಗೆ 1,500, ಮುಯ್ಯಿ-ಹಬ್ಬಕ್ಕೆ 1,500. ಹೊರಗಿನ ತಿಂಡಿಗೆ 800, ದವಾಖಾನೆಗೆ 700, ಗ್ಯಾಸಿಗೆ 450. ಇಬ್ಬರಿಗೂ ತಲಾ 500, ಅದರ ಲೆಕ್ಕ ಯಾರೂ ಕೇಳುವ ಹಾಗಿಲ್ಲ. ಮಿಕ್ಕ ಐನೂರು ಚಿಲ್ಲರೆ ಬಿಡಿ ಖರ್ಚಿಗೆ. ಜೋಳ ಊರಿಂದ ಬರುತ್ತದೆ, ಅದಕ್ಕೇ ಕಿರಾಣಿ ನಾಲ್ಕು ಸಾವಿರದಲ್ಲಿ ನಿಲ್ಲುತ್ತದೆ. ನಿಮಗೆ ಊರಿನ ಜೋಳ ಇಲ್ಲದಿದ್ದರೆ ಐದು ಅಂತ ಇಟ್ಟುಕೊಳ್ಳಿ. ಕರೆಂಟಿಗೆ ಕವರ್ ಇಲ್ಲ. ಗೃಹಜ್ಯೋತಿ ಇರುವುದರಿಂದ ಸುಮಾರು ಹತ್ತು ತಿಂಗಳು ಬಿಲ್ ಸೊನ್ನೆ. ಏಪ್ರಿಲ್, ಮೇನಲ್ಲಿ ಕೂಲರ್ ರಾತ್ರಿಯಿಡೀ ಓಡುತ್ತದೆ, ನಮಗೆ ಗೊತ್ತು ಮಾಡಿರುವ ಯೂನಿಟ್ ದಾಟುತ್ತದೆ. ಆಗ ಮೇಲಿನದ್ದಕ್ಕೆ ನಾಲ್ಕುನೂರರ ಆಸುಪಾಸು ಬರುತ್ತದೆ. ಅದನ್ನು ಬಿಡಿ ಖರ್ಚಿನಲ್ಲಿ ತೂಗಿಸುತ್ತೇವೆ. 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕು, ಕೂಲರ್ ಇಟ್ಟವರು ಮೀಟರ್ ಮೇಲೆ ಕಣ್ಣಿಡಿ.

ಕವರ್ ಅಂದರೆ ನಮ್ಮ ಮದುವೆಯಲ್ಲಿ ಬಂದ ಮುಯ್ಯಿ ಕವರ್‌ಗಳೇ. ಒಂದು ರೂಪಾಯಿ ನಾಣ್ಯ ಅಂಟಿಸಿರುತ್ತಾರಲ್ಲ, ಅವೇ. ಕಾಗದ ಗಟ್ಟಿ, ದಿನಾ ತೆಗೆದು ಹಾಕಿದರೂ ಆರೇಳು ತಿಂಗಳು ತಡೆಯುತ್ತವೆ. ನಾಣ್ಯ ಕೀಳಬೇಡಿ, ಕಿತ್ತ ಜಾಗದಲ್ಲೇ ಹರಿಯುತ್ತದೆ.

ಮೊದಲ ಪೆಟ್ಟು ಬಿದ್ದದ್ದು ತಿಂಗಳ ಕೊನೆಗೆ. ಏಳನೇ ತಾರೀಖು ಸಂಬಳ. ತರಕಾರಿ ಕವರ್ ಇಪ್ಪತ್ತೈದರ ಹೊತ್ತಿಗೆ ಖಾಲಿ. ವಾರಕ್ಕೆ ಇಷ್ಟು ಅಂತ ನಾಲ್ಕು ಭಾಗ ಮಾಡಿದೆವು. ಆಗಲೂ ಕೊನೆಗೆ ಎರಡು ಮೂರು ದಿನ ಕೊರತೆ. ಕಾರಣ ಸುಲಭ. ನಾಲ್ಕು ವಾರಕ್ಕೆ 28 ದಿನ, ಸಂಬಳದಿಂದ ಸಂಬಳಕ್ಕೆ 30 ಅಥವಾ 31. ಆ ಎರಡು ಮೂರು ದಿನಕ್ಕೆ ದುಡ್ಡನ್ನೇ ಇಟ್ಟಿರುವುದಿಲ್ಲ. ಪ್ರತಿ ತಿಂಗಳೂ ಮುಂದಿನ ಸಂಬಳದಲ್ಲಿ ಮುನ್ನೂರು ನಾಲ್ಕುನೂರು ಮೊದಲೇ ತಿಂದಿರುತ್ತೇವೆ, ಅದು ಹಾಗೇ ಉರುಳುತ್ತಾ ಹೋಗುತ್ತದೆ.

ಈಗ ಐದು ಭಾಗ ಮಾಡುತ್ತೇವೆ. ತರಕಾರಿ-ಹಾಲಿನ 3,000ದಲ್ಲಿ 650ರಂತೆ ನಾಲ್ಕು ಕಟ್ಟು, ಉಳಿದ 400 ಐದನೇ ಕಟ್ಟು. ಎರಡು ಮೂರು ದಿನಕ್ಕೆ 400 ಜಾಸ್ತಿಯೇ, ಬೇಕಂತಲೇ ಹಾಗೆ ಇಟ್ಟಿದ್ದೇನೆ. ಆ ದಿನಗಳಲ್ಲಿ ಉಳಿದ ಕವರ್‌ಗಳೂ ಸೊರಗಿರುತ್ತವೆ. ಪ್ರತಿ ಕಟ್ಟಿಗೂ ತಾರೀಖು ಬರೆದ ಚೀಟಿ ಸುತ್ತಿ ಕ್ಲಿಪ್ ಹಾಕುತ್ತೇನೆ. ಆ ತಾರೀಖಿಗೆ ಮುಂಚೆ ಕ್ಲಿಪ್ ತೆಗೆಯುವಂತಿಲ್ಲ. ವಾರದ ಲೆಕ್ಕ ಬೇಕಾಗಿರೋದು ತರಕಾರಿಗೂ ಹೊರಗಿನ ತಿಂಡಿಗೂ ಮಾತ್ರ. ಮಿರ್ಚಿ ಮಂಡಕ್ಕಿಗೆ ಅಂತ ಸಂಜೆ ಇಬ್ಬರೂ ಹೊರಗೆ ಬಿದ್ದರೆ ಜವಾಹರ ರೋಡಿನಲ್ಲಿ ಇನ್ನೂರು ಹೋಗಿದ್ದೇ ಗೊತ್ತಾಗಲ್ಲ. ಕಿರಾಣಿಗೆ ವಾರದ ಭಾಗ ಮಾಡಿ ನೋಡಿದೆವು, ಕೆಲಸಕ್ಕೆ ಬರಲಿಲ್ಲ. ಎಣ್ಣೆ, ಬೇಳೆ ಸಣ್ಣ ಪಾಕೀಟಿನಲ್ಲಿ ತಂದರೆ ತುಟ್ಟಿ. ಅದನ್ನು ತಿಂಗಳಿಗೆ ಎರಡು ಸಲ ತರುತ್ತೇವೆ, ಎಂಟನೇ ತಾರೀಖು ಮುಕ್ಕಾಲು ಪಾಲು, ಇಪ್ಪತ್ತೆರಡಕ್ಕೆ ಉಳಿದದ್ದು.

ಎರಡನೇ ಪೆಟ್ಟು ಸ್ಕ್ಯಾನರ್. ಇದೇ ಮುಖ್ಯ. ಕವರ್‌ನಲ್ಲಿ ನೋಟಿದ್ದರೂ ಗಾಡಿ ಮೇಲೆ ಹೋಗುವಾಗ ಫೋನ್ ಇರುತ್ತದೆ, ಕವರ್ ಇರುವುದಿಲ್ಲ. ಔಷಧಿ ಅಂಗಡಿಯಲ್ಲಿ, ಬಂಕಿನಲ್ಲಿ ಫೋನಿನಿಂದ ಹೋದ ದುಡ್ಡು ಯಾವ ಕವರ್‌ಗೂ ತಾಗುವುದಿಲ್ಲ. ಕವರ್ ತುಂಬಿದ ಹಾಗೆ ಕಾಣುತ್ತದೆ, ಬ್ಯಾಂಕು ಖಾಲಿ ಆಗಿರುತ್ತದೆ. ನಾವು ಮೊದಲ ಸಲ ನಿಲ್ಲಿಸಿದ್ದಕ್ಕೆ ಅರ್ಧ ಕಾರಣ ಇದು.

ಕೆಲವರು ಫೋನೇ ಮುಟ್ಟಬೇಡಿ ಅನ್ನುತ್ತಾರೆ. ನಮ್ಮಲ್ಲಿ ಅದು ನಡೆಯಲ್ಲ, ಎಷ್ಟೋ ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಸ್ಕ್ಯಾನರ್ ಕಡೆ ಕೈ ತೋರಿಸುತ್ತಾರೆ. ಯುಪಿಐ ಲೈಟ್ ಕೂಡ ನೋಡಿದೆವು. ಅದರಲ್ಲಿ 5,000 ತನಕ ತುಂಬಿಡಬಹುದು, ಒಂದು ಸಲಕ್ಕೆ 1,000 ತನಕ ಪಿನ್ ಹಾಕದೆ ಕೊಡಬಹುದು. ಇದೇ ಒಂದು ಕವರ್ ಅಂದುಕೊಳ್ಳೋಣ ಅಂತ 1,000 ತುಂಬಿದೆವು. ಎರಡು ತೊಂದರೆ ಬಂದವು. ಪಿನ್ ಇಲ್ಲದ್ದರಿಂದ ಕೈ ಇನ್ನೂ ಸಡಿಲ. ಮತ್ತೆ ಪಾಸ್‌ಬುಕ್ಕಿನಲ್ಲಿ ತುಂಬಿದ ಸಾವಿರ ಮಾತ್ರ ಕಾಣುತ್ತದೆ, ಒಳಗಿನ ಇಪ್ಪತ್ತು ಐವತ್ತರ ಖರ್ಚು ಕಾಣುವುದಿಲ್ಲ. ಯಾವ ಕವರಿನ ದುಡ್ಡು ಯಾವುದಕ್ಕೆ ಹೋಯಿತು ಅಂತ ಹಿಡಿಯಲು ಆಗಲಿಲ್ಲ. ಬಿಟ್ಟೆವು.

ನಿಂತದ್ದು ಈ ಉಪಾಯ. ಇನ್ನೊಂದು ಕವರ್ ಮಾಡಿ ಅದರ ಮೇಲೆ 'ಫೋನ್' ಅಂತ ಬರೆದೆ. ಅದರಲ್ಲಿ ತಿಂಗಳ ಶುರುವಿಗೆ ಏನೂ ಇರುವುದಿಲ್ಲ. ಹೊರಗೆ ಫೋನಿನಿಂದ ಕೊಟ್ಟದ್ದನ್ನು ರಾತ್ರಿ ಊಟಕ್ಕೆ ಕೂರುವ ಮೊದಲು ನೋಡುತ್ತೇವೆ. ಔಷಧಿಗೆ 180 ಹೋಗಿದ್ದರೆ ದವಾಖಾನೆ ಕವರಿಂದ 180 ತೆಗೆದು ಫೋನ್ ಕವರಿಗೆ. ಪೆಟ್ರೋಲಿಗೆ 300 ಹೋಗಿದ್ದರೆ ಆ ಕವರಿಂದ 300. ಕೈಯಿಂದಲೇ ಕೊಟ್ಟ ಹಾಗೆ ಕವರ್ ತೆಳ್ಳಗಾಗುತ್ತದೆ. ಮುಂದಿನ ಸಂಬಳ ಬಂದ ಮೇಲೆ 13,500 ಪೂರ್ತಿ ತೆಗೆಯುವುದಿಲ್ಲ. ಫೋನ್ ಕವರ್‌ನಲ್ಲಿ ಕೂಡಿದ್ದಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಬ್ಯಾಂಕಿನಿಂದ ತರುತ್ತೇವೆ. ದುಡ್ಡನ್ನು ಮತ್ತೆ ಬ್ಯಾಂಕಿಗೆ ಕಟ್ಟುವ ಕೆಲಸವೂ ಇಲ್ಲ.

ಇದರಲ್ಲಿ ಮರೆತದ್ದನ್ನು ಹಿಡಿಯಲು ಒಂದು ತಾಳೆ ಇದೆ. ಖಾತೆಯಲ್ಲಿ ಯಾವಾಗಲೂ 5,000 ಮುಟ್ಟದೆ ಬಿಡುತ್ತೇವೆ, ಫೋನಿನಿಂದ ಕೊಡುವುದು ಅದರೊಳಗಿಂದಲೇ. ಬಾಡಿಗೆ, ಕಂತು ಎಲ್ಲ ಹೋದ ಮೇಲೆ, ಆರನೇ ತಾರೀಖು ರಾತ್ರಿ ಬ್ಯಾಂಕಿನ ಬಾಕಿ ಮತ್ತು ಫೋನ್ ಕವರ್ ಎರಡೂ ಕೂಡಿದರೆ 5,000 ಬರಬೇಕು. ಒಂದು ತಿಂಗಳು ಫೋನ್ ಕವರ್‌ನಲ್ಲಿ 2,300 ಇತ್ತು. ಬ್ಯಾಂಕಿನಲ್ಲಿ 2,700 ಇರಬೇಕಿತ್ತು, ಇದ್ದದ್ದು 2,300. ನಾಲ್ಕುನೂರು ಎಲ್ಲೋ ಸೋರಿದೆ. ಫೋನಿನ ಪಟ್ಟಿ ತೆಗೆದು ಒಂದೊಂದೇ ಸಾಲು ನೋಡಿದೆವು. ಭಾಗ್ಯನಗರದ ಟೇಲರ್‌ಗೆ ಮನೆಯವರು ಕೊಟ್ಟ 250, ಫೋನ್ ರೀಚಾರ್ಜ್ ಆಗಿ ಹೋದ ನೂರೈವತ್ತರ ಹತ್ತಿರ ಹತ್ತಿರ. ಅವರವರ ಐನೂರರ ಕವರಿಂದ ಆ ರಾತ್ರಿಯೇ ತುಂಬಿಸಿಕೊಂಡೆವು. ಈ ತಾಳೆ ಇಲ್ಲದೆ ಫೋನ್ ಕವರ್ ಇಟ್ಟರೆ ಎರಡು ತಿಂಗಳಲ್ಲಿ ಅದು ಸುಳ್ಳಾಗುತ್ತದೆ.

ಇದಕ್ಕೆಲ್ಲ ಚಿಲ್ಲರೆ ಬೇಕು. ಮನೆಯಲ್ಲಿ ಐನೂರರ ನೋಟುಗಳೇ ಇದ್ದರೆ 180 ಅನ್ನು ಆ ಕವರಿಂದ ಈ ಕವರಿಗೆ ಹೇಗೆ ಹಾಕುತ್ತೀರಿ? ಎಟಿಎಂನಲ್ಲಿ ಒಂದೇ ಸಲಕ್ಕೆ ಹತ್ತು ಸಾವಿರ ಒತ್ತಿದರೆ ಬರುವುದೆಲ್ಲ ಐನೂರೇ. ನಾನು ವಿತ್‌ಡ್ರಾ ಸ್ಲಿಪ್ ಬರೆದು ಕೌಂಟರಿಗೆ ಹೋಗುತ್ತೇನೆ. ಅರ್ಧಕ್ಕರ್ಧ ಐನೂರು, ಉಳಿದದ್ದರಲ್ಲಿ ನೂರು ಜಾಸ್ತಿ, ಐವತ್ತು ಒಂದಿಷ್ಟು. ಹತ್ತು ಇಪ್ಪತ್ತರ ನೋಟು ಐನೂರಕ್ಕೆ ಸಾಕು. ಸಂಬಳದ ದಿನವೇ ಹೋದರೆ ಸಾಲು ಉದ್ದ, ಕ್ಯಾಶಿಯರ್‌ಗೆ ಚಿಲ್ಲರೆ ಎಣಿಸಲು ಪುರುಸೊತ್ತು ಇರಲ್ಲ. ಎಂಟು ಒಂಬತ್ತರ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ ಹೋಗಿ. ಹತ್ತರ ನೋಟು ನನಗೆ ಬೇರೆ ಒಂದು ಕಡೆ ಸಿಗುತ್ತದೆ. ಅದು ಎಲ್ಲಿ ಅಂತ ಬರೆಯುವುದಿಲ್ಲ, ಎಲ್ಲರೂ ಅಲ್ಲಿಗೇ ಹೋದರೆ ನನಗೆ ಸಿಗುವುದು ನಿಲ್ಲುತ್ತದೆ.

ಈಗ ಮುಯ್ಯಿ ಕವರ್. ನಮ್ಮ ಭಾಗದಲ್ಲಿ ಹೊಸದಾಗಿ ಮದುವೆಯಾದ ಜೋಡಿಯ ಸಂಬಳವನ್ನು ಒಡೆಯುವುದು ಇದೇ. ಕಿರಾಣಿ, ಪೆಟ್ರೋಲು ಪ್ರತಿ ತಿಂಗಳೂ ಒಂದೇ ಥರ ಇರುತ್ತವೆ. ಮದುವೆ ಹಾಗಲ್ಲ. ಯುಗಾದಿ ಕಳೆದ ಮೇಲೆ ಒಂದೇ ಸಮನೆ ಬರುತ್ತವೆ, ಆಷಾಢದಲ್ಲಿ ನಿಲ್ಲುತ್ತವೆ, ತುಳಸಿ ಲಗ್ನ ಆದ ಮೇಲೆ ಮತ್ತೆ ಶುರು. ನಡುವೆ ಕುಬಸ, ತೊಟ್ಟಿಲು, ಮನೆ ಪ್ರವೇಶ. ಎಲ್ಲ ಕಡೆಯೂ ಹೋಗಲೇಬೇಕು, ನಮ್ಮ ಮದುವೆಗೆ ಅವರು ಬಂದಿದ್ದಾರಲ್ವಾ. ನಾವು ಮೊದಲ ಸಲ ಕವರ್ ಶುರು ಮಾಡಿದ್ದು ಮಾರ್ಚಿನಲ್ಲಿ. ಮುಯ್ಯಿ ಕವರ್‌ನಲ್ಲಿ ಮೂರು ಸಾವಿರ ಇದ್ದಾಗಲೇ ಮೇ ಬಂತು. ಒಂದು ತಿಂಗಳಲ್ಲಿ ಐದಾರು ಮದುವೆ. ಕಿರಾಣಿ ಕವರ್ ಮುಯ್ಯಿಗೆ ಹೋಯಿತು, ಕಿರಾಣಿ ಉದ್ರಿಗೆ ಹೋಯಿತು. ಅಲ್ಲಿಗೆ ಪದ್ಧತಿ ನಿಂತಿತು.

ಎರಡನೇ ಸಲ ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಿದೆ. ಇದು ನನ್ನದೇ ಬುದ್ಧಿ, ಎಲ್ಲೂ ಕಲಿತದ್ದಲ್ಲ. ನಮ್ಮ ಮದುವೆಯ ಮುಯ್ಯಿ ಪುಸ್ತಕ ತೆಗೆದೆ. ಮುನ್ನೂರು ಚಿಲ್ಲರೆ ಹೆಸರು, ಎದುರಿಗೆ ಕೊಟ್ಟ ದುಡ್ಡು. ಇದರಲ್ಲಿ ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗ ಹುಡುಗಿ ಇದ್ದಾರೆ ಅಂತ ನಮ್ಮವ್ವನಿಗೂ ಅತ್ತೆಗೂ ಫೋನ್ ಹಚ್ಚಿ ಕೇಳಿದೆ. ಅವರಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ಅಂಥ ಹೆಸರಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹಿರಿಯರ ಹೆಸರಿನಲ್ಲಿ ನಡೆಯುವ ಮುಯ್ಯಿ ಅವರೇ ಕೊಡುತ್ತಾರೆ, ಅದನ್ನು ತೆಗೆದೆ. ನಾವು ಬೇರೆಯಾಗಿ ಕೊಡಬೇಕಾದದ್ದು ವರ್ಷಕ್ಕೆ ಇಪ್ಪತ್ತರ ಒಳಗೆ ನಿಂತಿತು. ಐನೂರರವು ಒಂದು ಡಜನ್, ಸಾವಿರದವು ನಾಲ್ಕೈದು. ತೀರಾ ಹತ್ತಿರದವು ಎರಡು, ಅವಕ್ಕೆ ಸೀರೆ, ಕುಬಸ, ಅಂಗಿ ಬಟ್ಟೆ ಅಂತ ಆಯಾರ ಬೇರೆ, ತಲಾ ಮೂರು ಸಾವಿರ. ಒಟ್ಟು ಹದಿನೇಳು ಸಾವಿರದ ಹತ್ತಿರ. ಪಂಚಮಿ, ದೀಪಾವಳಿ ಬಟ್ಟೆಬರೆ, ಗಾಡಿ ಇನ್ಶೂರೆನ್ಸ್ ಸೇರಿಸಿದರೆ 24,000. ಅಂದರೆ ತಿಂಗಳಿಗೆ 2,000.

ಎರಡು ಸಾವಿರ ಪ್ರತಿ ತಿಂಗಳು ನಮ್ಮಿಂದ ಆಗಲ್ಲ. ಅದಕ್ಕೆ 1,500 ಕವರಿಗೆ, ಉಳಿದ 6,000 ಬೋನಸ್ಸಿನಿಂದ ಮತ್ತು ಓಟಿಯಿಂದ ಅಂತ ತೀರ್ಮಾನ ಆಯಿತು. ಓಟಿ ದುಡ್ಡನ್ನು ಸಂಬಳ ಅಂತ ಎಣಿಸುವುದನ್ನೇ ಬಿಟ್ಟೆವು. ಶುರು ಮಾಡಿದ್ದು ದೀಪಾವಳಿ ಬೋನಸ್ ಬಂದ ತಿಂಗಳು. ಬೋನಸ್ಸಿನಲ್ಲಿ 5,000 ಮೊದಲೇ ಮುಯ್ಯಿಗೆ ಹಾಕಿದೆವು. ಚಳಿಗಾಲದ ಮದುವೆಗಳು ಮುಗಿದು ಯುಗಾದಿ ಬರುವ ಹೊತ್ತಿಗೆ ಎಂಟು ಸಾವಿರದ ಮೇಲೆ ಇತ್ತು. ಏಪ್ರಿಲ್, ಮೇ ದಾಟಿದಾಗ ಇನ್ನೂ ಏಳೆಂಟು ನೂರು ಉಳಿದಿತ್ತು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳೋದು ಇದೇ. ಯುಗಾದಿ ಮುಂದೆ ಇಟ್ಟುಕೊಂಡು ಶುರು ಮಾಡಬೇಡಿ. ದೀಪಾವಳಿಗೆ ಮಾಡಿ, ಇಲ್ಲವೇ ಆಷಾಢದಲ್ಲಿ ಮಾಡಿ.

ಎಂಟು ಸಾವಿರ ನೋಟು ಮನೆಯಲ್ಲಿ ಇಡುವುದು ಸರಿಯಲ್ಲ. ಸಂಬಳದ ಖಾತೆಯಲ್ಲಿ ಬಿಟ್ಟರೆ ಸ್ಕ್ಯಾನರ್ ತಿನ್ನುತ್ತದೆ. ಅಂಚೆ ಕಚೇರಿಯಲ್ಲಿ ನನ್ನ ಹೆಸರಿನ ಉಳಿತಾಯ ಖಾತೆ ಮಾಡಿಸಿದೆ. 500 ಅದರಲ್ಲಿ ಇದ್ದೇ ಇರಬೇಕು, ಅಷ್ಟೇ. ಆ ಖಾತೆಯನ್ನು ಯಾವ ಫೋನಿಗೂ ಜೋಡಿಸಿಲ್ಲ. ಮುಯ್ಯಿ ಕವರ್‌ನಲ್ಲಿ 2,000 ದಾಟಿದ್ದು ಅಲ್ಲಿಗೆ ಹೋಗುತ್ತದೆ, ಪಾಸ್‌ಬುಕ್ ಅದೇ ಕವರ್‌ನಲ್ಲಿ ಇರುತ್ತದೆ. ಲಗ್ನಪತ್ರಿಕೆ ಬಂದ ವಾರ ಹೋಗಿ ತೆಗೆದುಕೊಂಡು ಬರುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದ್ದೆ, ಅದೂ ಹೇಳುತ್ತೇನೆ. ಗಂಗಾವತಿ ಕಡೆ ಮಿಲ್ಲಿನಿಂದ ಅಕ್ಕಿ ನೇರವಾಗಿ ತಂದರೆ ಅಗ್ಗ ಅಂತ ನಾಲ್ಕು ಮನೆಯವರು ಸೇರಿ ಸೋನಾ ಮಸೂರಿ 25 ಕೆಜಿ ಚೀಲಗಳನ್ನು ತರಿಸಿದೆವು. ಚೀಲಕ್ಕೆ ನೂರು ನೂರೈವತ್ತು ಉಳಿಯಿತು. ಆದರೆ ನಾವು ಜಾಸ್ತಿ ಉಣ್ಣುವುದು ರೊಟ್ಟಿ. ಇಬ್ಬರಿಗೆ ಒಂದು ಚೀಲ ಮೂರು ತಿಂಗಳು ಬರುತ್ತದೆ, ಬೇಸಿಗೆಯಲ್ಲಿ ನುಸಿ ಬಿತ್ತು. ಒಂದೇ ತಿಂಗಳ ಕಿರಾಣಿ ಕವರಿಂದ ಸಾವಿರದೈನೂರು ಹೋದದ್ದೂ ಕಷ್ಟ ಆಯಿತು. ಈಗ ಒಂದು ಚೀಲವನ್ನು ಪಕ್ಕದ ಮನೆಯವರ ಜೊತೆ ಅರ್ಧ ಮಾಡಿಕೊಳ್ಳುತ್ತೇವೆ.

ಕವರಿಂದ ಕವರಿಗೆ ಸಾಲದ ವಿಷಯ. ಮೊದಲು ಚೀಟಿ ಬರೆದು ಇಡುತ್ತಿದ್ದೆವು, 'ದವಾಖಾನೆಗೆ 300 ಬಾಕಿ' ಅಂತ. ಚೀಟಿಗಳು ಕೂಡಿದವು, ದುಡ್ಡು ವಾಪಸ್ ಬರಲಿಲ್ಲ. ಈಗ ಕೊಡುವ ಕವರ್ ಮೂರೇ: ಹೊರಗಿನ ತಿಂಡಿ, ಅವರ ಐನೂರು, ನನ್ನ ಐನೂರು. ಕೊಟ್ಟದ್ದು ಕೊಟ್ಟದ್ದೇ, ಬಾಕಿ ಬರೆಯುವುದಿಲ್ಲ. ತರಕಾರಿ ಖಾಲಿಯಾದರೆ ಆ ವಾರ ಮಿರ್ಚಿ ಇಲ್ಲ. ಇದಕ್ಕೆ ಮನೆಯವರು ಒಪ್ಪಲು ಸ್ವಲ್ಪ ದಿನ ಹಿಡಿಯಿತು. ಒಪ್ಪಿದ ಮೇಲೆ ನನಗಿಂತ ಅವರೇ ಗಟ್ಟಿ. ಭಾನುವಾರ ಕವರ್‌ಗಳನ್ನು ಹಾಸಿಗೆ ಮೇಲೆ ಹರಡಿ ಎಣಿಸುವುದು ಈಗ ಅವರ ಕೆಲಸ.

ಇದರಿಂದ ಆಗದ್ದೂ ಇದೆ. ಹೋದ ಮಳೆಗಾಲ ಮನೆಯವರಿಗೆ ಜ್ವರ ಬಂದು ಮೂರು ದಿನ ಆಸ್ಪತ್ರೆಯಲ್ಲಿ ಇದ್ದರು. ಹನ್ನೊಂದು ಸಾವಿರ ಚಿಲ್ಲರೆ ಬಿಲ್. ದವಾಖಾನೆ ಕವರ್‌ನಲ್ಲಿ ಎರಡು ಸಾವಿರದ ಹತ್ತಿರ ಇತ್ತು, ಉಳಿದದ್ದಕ್ಕೆ ಆರ್‌ಡಿ ಮುರಿಸಿದೆವು. ತಿಂಗಳಿಗೆ 700 ಹಾಕುವ ಕವರ್ ಕೆಮ್ಮು ನೆಗಡಿಗೆ, ದೊಡ್ಡ ಬಿಲ್ಲಿಗೆ ಅಲ್ಲ. ಅದಕ್ಕೇ ಆರ್‌ಡಿಯನ್ನು ಮತ್ತೆ ಶುರು ಮಾಡಿದೆವು, ಆರೋಗ್ಯ ವಿಮೆಯ ಕಂತನ್ನು ಮುಯ್ಯಿ ಕವರಿನ ಲೆಕ್ಕಕ್ಕೆ ಸೇರಿಸಿದೆವು. ವರ್ಷಕ್ಕೊಮ್ಮೆ ಬರುವ ಖರ್ಚು ತಾನೇ, ಅದರ ಜಾಗ ಅಲ್ಲೇ. 24,000 ಅಂತ ಇದ್ದದ್ದು ಈಗ 33,000 ಆಗಿದೆ. ಈ ದೀಪಾವಳಿಯಿಂದ ಆ ಕವರಿಗೆ ತಿಂಗಳಿಗೆ 2,000 ಹಾಕುತ್ತೇವೆ. ಹೆಚ್ಚಿನ ಐನೂರನ್ನು ಹೊರಗಿನ ತಿಂಡಿಯಿಂದ 300, ಇಬ್ಬರ ಕವರಿಂದ ನೂರು ನೂರು ಕಡಿಮೆ ಮಾಡಿ ತುಂಬಿಸುವುದು ಅಂತ ಆಗಿದೆ. ಉಳಿದ ಒಂಬತ್ತು ಸಾವಿರ ಬೋನಸ್ಸು ಮತ್ತು ಓಟಿ ಮೇಲೆ.